ಓಟಿಯಲ್ಲಿ ಗಾಳಿ 20 ಸಲ ಬದಲಾದರೂ ಒತ್ತಡ ನಿಲ್ಲದಿರುವುದೇಕೆ?

ಆಪರೇಷನ್ ಥಿಯೇಟರಿನಿಂದ ಗಾಳಿಯನ್ನು ಫ್ಯಾನ್ ಹಾಕಿ ಹೊರಗೆಳೆಯುತ್ತಿದ್ದ ಕಾಲವಿತ್ತು. ಎಳೆದಷ್ಟೂ ಕಾರಿಡಾರಿನ ಗಾಳಿ ಒಳಗೆ ನುಗ್ಗುತ್ತಿತ್ತು. ಶೋಧಿಸಿದ ಗಾಳಿಯನ್ನು ಒಳಗೆ ತುಂಬಿ ಹೊರಕ್ಕೆ ತಳ್ಳುವ ಪದ್ಧತಿ 1940ರ ದಶಕದಲ್ಲಿ ಬ್ರಿಟನ್ನಿನ ಸುಟ್ಟಗಾಯದ ಡ್ರೆಸ್ಸಿಂಗ್ ಕೋಣೆಗಳಲ್ಲಿ ಪ್ರಯೋಗವಾಗಿ, 1960ರ ಹೊತ್ತಿಗೆ ಥಿಯೇಟರಿಗೆ ಬಂತು. ಒತ್ತಡದ ಇಳಿಜಾರು ಹುಟ್ಟಿದ್ದು ಹೀಗೆ: ಸ್ಟೆರೈಲ್ ಸಾಮಗ್ರಿಯ ಕೋಣೆಯಲ್ಲಿ ಎಲ್ಲಕ್ಕಿಂತ ಹೆಚ್ಚು, ಓಟಿಯಲ್ಲಿ ಅದಕ್ಕಿಂತ ಕಡಿಮೆ, ಕಾರಿಡಾರಿನಲ್ಲಿ ಇನ್ನೂ ಕಡಿಮೆ. ಬಳಸಿದ ಸಾಮಾನು ತೊಳೆಯುವ ಕೋಣೆ ಎಲ್ಲಕ್ಕಿಂತ ಕೆಳಗೆ.

ಬ್ರಿಟನ್ನಿನಲ್ಲಿ ಒಳಗೆ ಬಿಡುತ್ತಿದ್ದುದು ಬಹುಮಟ್ಟಿಗೆ ಪೂರ್ತಿ ಹೊರಗಿನ ಗಾಳಿಯನ್ನೇ. ಹಾಗಾಗಿ ಗಾಳಿ ಬದಲಾವಣೆ ಹೆಚ್ಚಿದರೆ ಒತ್ತಡಕ್ಕೆ ಬೇಕಾದ ಗಾಳಿಯೂ ಧಾರಾಳವಾಗಿ ಸಿಗುತ್ತಿತ್ತು. ನಮ್ಮ ಬಿಸಿಲಿಗೆ ಅದು ದುಬಾರಿ. ಹೀಗಾಗಿ ಇಲ್ಲಿ ಅದೇ ಗಾಳಿಯನ್ನು ಅತಿ ಸಣ್ಣ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರಿನಲ್ಲಿ ಸೋಸಿ ಮತ್ತೆ ಮತ್ತೆ ಸುತ್ತಿಸುತ್ತೇವೆ. ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಚ್‌ನ 2018ರ ಮಾರ್ಗಸೂಚಿ ಕೇಳುವುದು ಗಂಟೆಗೆ ಕನಿಷ್ಠ 20 ಬದಲಾವಣೆ, ಅದರಲ್ಲಿ 4 ತಾಜಾ ಗಾಳಿ, ಜೊತೆಗೆ ಪಕ್ಕದ ಕೋಣೆಗಿಂತ ಕನಿಷ್ಠ 2.5 ಪ್ಯಾಸ್ಕಲ್ ಹೆಚ್ಚು ಒತ್ತಡ. ಗೊಂದಲ ಶುರುವಾದದ್ದು ಇಲ್ಲೇ. ಎಲ್ಲರ ಕಣ್ಣೂ 20ರ ಮೇಲೆ, ಒತ್ತಡ ನಿಂತಿರುವುದು ಆ 4ರ ಮೇಲೆ.

ಒಂದು ಓಟಿ ತೆಗೆದುಕೊಳ್ಳಿ: 6 ಮೀಟರ್ ಉದ್ದ, 6 ಅಗಲ, 3 ಎತ್ತರ, ಅಂದರೆ 108 ಘನ ಮೀಟರ್. 20 ಬದಲಾವಣೆಗೆ ಗಂಟೆಗೆ 2160 ಘನ ಮೀಟರ್ ಗಾಳಿ ಬೇಕು. ಅದರಲ್ಲಿ 1728 ರಿಟರ್ನ್ ಗ್ರಿಲ್ ಮೂಲಕ ವಾಪಸ್ಸಾಗುತ್ತದೆ, ಒತ್ತಡಕ್ಕೆ ಅದರಿಂದ ಏನೂ ಸಿಗದು. ಸಂದುಗಳಿಂದ ಹೊರಗೆ ನುಸುಳಬೇಕಾದದ್ದು ಉಳಿದ 432 ಮಾತ್ರ. ಬಾಗಿಲಿನ ಸಂದು, ಸೋರಿಕೆ ಎಲ್ಲ ಸೇರಿ 300 ಚದರ ಸೆಂಟಿಮೀಟರ್ ಇದ್ದರೆ 2.5 ಪ್ಯಾಸ್ಕಲ್ ಹಿಡಿದಿಡಲು ಸುಮಾರು 140 ಘನ ಮೀಟರ್ ಸಾಕು. ಲೆಕ್ಕ ಆರಾಮವಾಗಿ ಕೂರುತ್ತದೆ.

ಈಗ ಕರೆಂಟು ಉಳಿಸಲು ತಾಜಾ ಗಾಳಿಯ ಡ್ಯಾಂಪರ್ ತಿರುಗಿಸಿ, ಬರುವ ಗಾಳಿಯನ್ನು ಕಾಲು ಭಾಗಕ್ಕೆ ಇಳಿಸಿದರು ಅನ್ನಿ, ಅಥವಾ ಆ ದಾರಿಯ ಫಿಲ್ಟರಿಗೆ ಧೂಳು ಕಟ್ಟಿತು ಅನ್ನಿ. 432 ಇದ್ದದ್ದು 108ಕ್ಕೆ ಇಳಿದು, ಒತ್ತಡ 1.5ರ ಆಸುಪಾಸಿಗೆ ಬರುತ್ತದೆ. ಕಡಿಮೆಯಾದಷ್ಟನ್ನು ಸುತ್ತುಗಾಳಿ ತುಂಬಿಕೊಂಡರೆ ಹೆಪಾ ಕೆಳಗೆ ಅಳೆದಾಗ 20 ಬದಲಾವಣೆ ಹಾಗೇ ಕಾಣುತ್ತದೆ, ವರದಿಯೂ ಸರಿಯಾಗಿಯೇ ಬರುತ್ತದೆ. ವೈದ್ಯರು ಕೈ ತೊಳೆಯುವ, ಓಟಿಗೇ ತೆರೆದುಕೊಂಡ ಸ್ಕ್ರಬ್ ಜಾಗಕ್ಕೆ ಯಾರೋ ಎಕ್ಸಾಸ್ಟ್ ಫ್ಯಾನ್ ಕೂರಿಸಿದರೂ ಇದೇ ಗತಿ. ಸ್ಪ್ಲಿಟ್ ಏಸಿಯೊಂದನ್ನೇ ನಂಬಿದ ಓಟಿಗೆ ತಾಜಾ ಗಾಳಿಯೇ ಇಲ್ಲ, ಅಲ್ಲಿ ಒತ್ತಡದ ಮಾತೇ ಏಳುವುದಿಲ್ಲ.

ಬಾಗಿಲು ತೆರೆದರಂತೂ ಯಾವ ಲೆಕ್ಕವೂ ನಿಲ್ಲದು. ಒಂದೂವರೆ ಮೀಟರ್ ಅಗಲ, 2.1 ಮೀಟರ್ ಎತ್ತರದ ಬಾಗಿಲಿನಲ್ಲಿ ಸೆಕೆಂಡಿಗೆ 0.2 ಮೀಟರ್ ವೇಗದಲ್ಲಿ ಗಾಳಿ ಹೊರಗೆ ಹರಿಯಬೇಕಾದರೆ ಗಂಟೆಗೆ 2268 ಘನ ಮೀಟರ್ ಬೇಕು, ಇಡೀ ಓಟಿಗೆ ಬಿಡುವ ಗಾಳಿಗಿಂತ ಹೆಚ್ಚು. ಆದ್ದರಿಂದ ಡ್ಯಾಂಪರ್ ಎಷ್ಟು ಮುಖ್ಯವೋ ಬಾಗಿಲು ತಾನಾಗಿ ಮುಚ್ಚಿಕೊಳ್ಳುವ ಕ್ಲೋಸರ್ ಕೂಡ ಅಷ್ಟೇ ಮುಖ್ಯ.

ಪರೀಕ್ಷೆ ಸುಲಭ. ಎಲ್ಲ ಬಾಗಿಲು ಮುಚ್ಚಿ, ತೆಳು ಟಿಶ್ಯೂ ಪಟ್ಟಿಯನ್ನು ಕಾರಿಡಾರ್ ಕಡೆಯಿಂದ ಬಾಗಿಲಿನ ಕೆಳಸಂದಿಗೆ ಹಿಡಿದರೆ ಅದು ಹೊರಕ್ಕೆ ಹಾರಬೇಕು. ಒಳಕ್ಕೆ ಎಳೆದರೆ, ಅಥವಾ ಗೋಡೆಯ ಮಾಪಕ 2.5 ದಾಟದಿದ್ದರೆ, ಮೊದಲು ತಾಜಾ ಗಾಳಿಯ ಡ್ಯಾಂಪರ್ ಮತ್ತು ಅದರ ಫಿಲ್ಟರ್ ನೋಡಿ, ಆಮೇಲೆ ಎಕ್ಸಾಸ್ಟ್, ಕೊನೆಗೆ ಫಾಲ್ಸ್ ಸೀಲಿಂಗಿನಲ್ಲಿ ದೀಪಕ್ಕೆಂದು ಕೊರೆದು ಸೀಲ್ ಮಾಡದೆ ಬಿಟ್ಟ ತೂತುಗಳು.