ನಿಮ್ನ ಮಸೂರ ಬಣ್ಣ ಅಳಿಸಿದರೂ ಪವರ್ ಹೇಗೆ ಉಳಿಯುತ್ತದೆ?

ಓದುಗರ ಪ್ರಶ್ನೆ: ದೂರದರ್ಶಕದ ಮುಂದಿನ ಲೆನ್ಸಿನಲ್ಲಿ ಎರಡು ಗಾಜು ಇರುತ್ತವೆ, ಒಂದು ಚೆದುರಿಸಿದ ಬಣ್ಣವನ್ನು ಇನ್ನೊಂದು ಸರಿಮಾಡುತ್ತದೆ ಅಂತ ಓದಿದೆ. ಆದರೆ ಆ ಎರಡನೆಯದು ನಿಮ್ನ ಮಸೂರ. ಬಣ್ಣ ಅಳಿಸುವಾಗ ಅದು ಪವರನ್ನೂ ಅಳಿಸಿಬಿಡಬೇಕಲ್ವಾ?

ಒಳ್ಳೆಯ ಅನುಮಾನ. ನ್ಯೂಟನ್ ಕೂಡ ಹೀಗೇ ಯೋಚಿಸಿದ್ದ. ಬೆಳಕು ಎಷ್ಟು ಬಾಗುತ್ತದೋ ಅದಕ್ಕೆ ತಕ್ಕಷ್ಟೇ ಬಣ್ಣವೂ ಚೆದುರುತ್ತದೆ, ಯಾವ ಗಾಜಾದರೂ ಅಷ್ಟೇ ಅಂದುಕೊಂಡು ಲೆನ್ಸಿನ ಆಸೆ ಬಿಟ್ಟು ಕನ್ನಡಿಯ ಕಡೆ ಹೋದ. ಆ ನಂಬಿಕೆ ತಪ್ಪು ಅಂತ 1730ರ ದಶಕದಲ್ಲಿ ತೋರಿಸಿದವನು ಚೆಸ್ಟರ್ ಮೂರ್ ಹಾಲ್ ಎಂಬ ಇಂಗ್ಲೆಂಡಿನ ವಕೀಲ. ಪೇಟೆಂಟ್ ಸಿಕ್ಕಿದ್ದು ಮಾತ್ರ 1758ರಲ್ಲಿ, ಜಾನ್ ಡಾಲೆಂಡ್‌ಗೆ.

ಗುಟ್ಟು ಇರುವುದು ಗಾಜಿನಲ್ಲಿ. ಕ್ರೌನ್ ಗಾಜು ಬೆಳಕನ್ನು ಬಾಗಿಸುತ್ತದೆ, ಬಣ್ಣವನ್ನು ಕಡಿಮೆ ಚೆದುರಿಸುತ್ತದೆ. ಫ್ಲಿಂಟ್ ಗಾಜು ಅಷ್ಟೇ ಬಾಗಿಸುವಾಗ ಹೆಚ್ಚುಕಡಿಮೆ ಎರಡು ಪಟ್ಟು ಚೆದುರಿಸುತ್ತದೆ. ಇದನ್ನು ಅಳೆಯಲು ಆಬೆ ಸಂಖ್ಯೆ ಇದೆ. ಅದು ಜಾಸ್ತಿಯಿದ್ದಷ್ಟೂ ಚೆದುರುವಿಕೆ ಕಡಿಮೆ. ಬಿಕೆ7 ಎಂಬ ಕ್ರೌನ್ ಗಾಜಿಗೆ ಅದು 64.17, ಎಫ್2 ಎಂಬ ಫ್ಲಿಂಟ್ ಗಾಜಿಗೆ 36.37. ಹಾಗಾಗಿ ಕ್ರೌನ್ ಚೆದುರಿಸಿದ ಬಣ್ಣವನ್ನು ಪೂರ್ತಿ ವಾಪಸ್ ಸೇರಿಸಲು ದುರ್ಬಲವಾದ ಫ್ಲಿಂಟ್ ಮಸೂರವೇ ಸಾಕು. ಪವರಿನಲ್ಲಿ ಒಂದು ಭಾಗ ಹೋಗುತ್ತದೆ, ಉಳಿದದ್ದು ನಮ್ಮದು.

ಲೆಕ್ಕ ಮಾಡಿಯೇ ನೋಡೋಣ. ನಮಗೆ ಬೇಕಾದ ಸಂಗಮ ದೂರ 1 ಮೀಟರ್, ಅಂದರೆ ಕನ್ನಡಕದ ಅಂಗಡಿಯ ಭಾಷೆಯಲ್ಲಿ 1 ಡಯಾಪ್ಟರ್ ಪವರ್. ಷರತ್ತು ಎರಡೇ. ಎರಡು ಪವರುಗಳನ್ನು ಕೂಡಿದರೆ 1 ಬರಬೇಕು. ಒಂದೊಂದು ಪವರನ್ನೂ ಅದರದರ ಆಬೆ ಸಂಖ್ಯೆಯಿಂದ ಭಾಗಿಸಿ ಕೂಡಿದರೆ ಸೊನ್ನೆ ಬರಬೇಕು. ಎರಡು ಆಬೆ ಸಂಖ್ಯೆಗಳ ವ್ಯತ್ಯಾಸ 27.80. ಕ್ರೌನಿನ ಪವರ್ 64.17 ÷ 27.80, ಅಂದರೆ +2.31. ಫ್ಲಿಂಟಿನದು 36.37 ÷ 27.80, ಆದರೆ ಋಣ: −1.31. ಕೂಡಿದರೆ ಸರಿಯಾಗಿ 1. ಇನ್ನು ಬಣ್ಣ: 2.31 ÷ 64.17 ಮತ್ತು 1.31 ÷ 36.37, ಎರಡೂ 0.036. ಒಂದು ಧನ, ಒಂದು ಋಣ, ಹಾಗಾಗಿ ವಜಾ. ನಿಮ್ಮ ಪ್ರಶ್ನೆಗೆ ಉತ್ತರ ಈ ನಾಲ್ಕು ಅಂಕಿಗಳಲ್ಲೇ ಇದೆ.

ಪವರ್ ಗೊತ್ತಾದ ಮೇಲೆ ಗಾಜು ಉಜ್ಜಲು ವಕ್ರತೆಯ ತ್ರಿಜ್ಯ ಬೇಕು. ಕ್ರೌನಿನ ಎರಡೂ ಮುಖ ಸಮನಾಗಿ ಉಬ್ಬಿರಲಿ ಅಂದುಕೊಂಡರೆ ಪ್ರತಿ ಮುಖದ ತ್ರಿಜ್ಯ ಸುಮಾರು 448 ಮಿ.ಮೀ. ಅದೇ ತ್ರಿಜ್ಯವನ್ನು ಫ್ಲಿಂಟಿನ ತಗ್ಗು ಮುಖಕ್ಕೂ ಕೊಟ್ಟರೆ ಎರಡನ್ನೂ ಅಂಟಿಸಿಬಿಡಬಹುದು. ಆಗ ಕೊನೆಯ ಮುಖದ ತ್ರಿಜ್ಯ 8 ಮೀಟರಿಗೂ ಜಾಸ್ತಿ ಬರುತ್ತದೆ, ಕಣ್ಣಿಗೆ ಚಪ್ಪಟೆ ಅಂತಲೇ ಕಾಣುತ್ತದೆ. ಮುಖಗಳು ಸಮನಾಗಿಯೇ ಇರಬೇಕೆಂಬ ನಿಯಮವೇನಿಲ್ಲ. ಪವರ್ ಬದಲಾಗದಂತೆ ಆಕಾರ ಬದಲಿಸಬಹುದು. ಲೆನ್ಸಿನ ಅಂಚಿನ ಕಿರಣಗಳೂ ನಡುವಿನ ಕಿರಣಗಳೂ ಒಂದೇ ಕಡೆ ಸೇರುವಂತೆ ಮಾಡಲು ವಿನ್ಯಾಸಕಾರರು ಈ ಸ್ವಾತಂತ್ರ್ಯವನ್ನೇ ಬಳಸುತ್ತಾರೆ.

ಇಷ್ಟೆಲ್ಲ ಮಾಡಿ ಸಿಕ್ಕಿದ್ದೇನು? ಬರೀ ಬಿಕೆ7ನ ಒಂಟಿ ಲೆನ್ಸಿನಲ್ಲಿ ಕೆಂಪಿನ ಫೋಕಸಿಗೂ ನೀಲಿಯ ಫೋಕಸಿಗೂ 15.6 ಮಿ.ಮೀ. ಅಂತರ. ಜೋಡಿಯಲ್ಲಿ ಅವೆರಡೂ ಒಂದೇ ಕಡೆ. ಆದರೆ ಗಮನಿಸಿ, ನಾವು ಸೇರಿಸಿದ್ದು ಎರಡೇ ಬಣ್ಣ: 656 ನ್ಯಾನೊಮೀಟರಿನ ಕೆಂಪು, 486ರ ನೀಲಿ. ನಡುವಿನ ಹಸಿರು ಸುಮಾರು ಅರ್ಧ ಮಿ.ಮೀ. ಮೊದಲೇ ಫೋಕಸ್ ಆಗುತ್ತದೆ. ನೇರಳೆಯದು ಇನ್ನೂ ಕೆಟ್ಟ ಕಥೆ, 436 ನ್ಯಾನೊಮೀಟರಿನ ಬೆಳಕು ನೀಲಿಯನ್ನೂ ದಾಟಿ 1.7 ಮಿ.ಮೀ. ಆಚೆ ಹೋಗಿ ಸೇರುತ್ತದೆ. ಚಂದ್ರನ ಅಂಚಿನಲ್ಲಿ, ಪ್ರಕಾಶಮಾನ ನಕ್ಷತ್ರದ ಸುತ್ತ ಕಾಣುವ ನೇರಳೆ ಮಬ್ಬು ಇದೇ. ಸಾಮಾನ್ಯ ಕ್ರೌನ್-ಫ್ಲಿಂಟ್ ಗಾಜುಗಳಲ್ಲಿ ಯಾವ ಜೋಡಿ ಹಾಕಿದರೂ ಈ ಉಳಿಕೆ ಹೆಚ್ಚುಕಡಿಮೆ ಇಷ್ಟೇ. ಅದನ್ನು ಕಡಿಮೆ ಮಾಡಲು ಫ್ಲೋರೈಟಿನಂಥ ದುಬಾರಿ ವಸ್ತು ಬೇಕು, ಇಲ್ಲವೇ ಲೆನ್ಸಿನ ಅಗಲಕ್ಕೆ ಹೋಲಿಸಿದರೆ ಸಂಗಮ ದೂರ ತುಂಬಾ ಉದ್ದವಿರಬೇಕು. ಹಳೆಯ ದೂರದರ್ಶಕಗಳ ಕೊಳವೆ ಅಷ್ಟು ಉದ್ದ ಇರುವುದು ಸುಮ್ನೆ ಅಲ್ಲ.

ನಿಮ್ಮ ಹತ್ತಿರ ಇಂಥ ದೂರದರ್ಶಕ ಇದ್ದರೆ ಪರೀಕ್ಷಿಸುವುದು ಸುಲಭ. ಒಂದು ಬಿಳಿ ನಕ್ಷತ್ರ ಹಿಡಿದು, ಐಪೀಸನ್ನು ಫೋಕಸಿನಿಂದ ಸ್ವಲ್ಪ ಒಳಕ್ಕೆ ತಳ್ಳಿ. ನಕ್ಷತ್ರ ಬಿಲ್ಲೆಯಾಗಿ ಹಿಗ್ಗುತ್ತದೆ, ಅಂಚು ನೇರಳೆ-ಕೆಂಪಾಗಿರಬೇಕು. ಹೊರಕ್ಕೆ ಎಳೆದರೆ ಅಂಚು ಹಳದಿ-ಹಸಿರಾಗಬೇಕು. ಒಳಕ್ಕೆ ತಳ್ಳಿದಾಗ ಅಪ್ಪಟ ಕೆಂಪು, ಹೊರಕ್ಕೆ ಎಳೆದಾಗ ನೀಲಿ ಬಂದರೆ ಫ್ಲಿಂಟಿನ ಪಾಲು ಕಡಿಮೆಯಾಗಿದೆ ಅಂತ ಅರ್ಥ. ಉಲ್ಟಾ ಬಂದರೆ ಜಾಸ್ತಿಯಾಗಿದೆ. ನಕ್ಷತ್ರ ಮಾತ್ರ ನೆತ್ತಿಯ ಹತ್ತಿರದ್ದಿರಲಿ. ದಿಗಂತದ ಬಳಿ ಗಾಳಿಯೇ ಬಣ್ಣ ಚೆದುರಿಸುತ್ತದೆ, ಸುಮ್ನೆ ಲೆನ್ಸನ್ನು ಬೈಯುವಂತಾಗುತ್ತದೆ.