ಕೋಡ್ ಪಾಯಿಂಟ್: ಮೂರಕ್ಷರದ ಪದ ಹನ್ನೊಂದಾಗುವ ಲೆಕ್ಕ

‘ಸ್ವಾತಂತ್ರ್ಯ’ ಎಷ್ಟಕ್ಷರದ ಪದ? ಸ್ವಾ, ತಂ, ತ್ರ್ಯ: ಮೂರು. ಆದರೆ ಎಕ್ಸ್‌ನಲ್ಲಿ ಪೋಸ್ಟ್ ಹಾಕುವಾಗ ಈ ಪದವೊಂದೇ 280ರ ಮಿತಿಯಲ್ಲಿ 11ನ್ನು ತಿಂದುಬಿಡುತ್ತದೆ. ‘ನಗರ’ವೂ ಮೂರಕ್ಷರದ್ದೇ ಅಲ್ವಾ? ಅದಕ್ಕೆ ಹೋಗುವುದು ಬರೀ 3. ಅಲ್ಲಿ ಎಣಿಸುವುದು ನಮ್ಮ ಅಕ್ಷರಗಳನ್ನಲ್ಲ, ಕೋಡ್ ಪಾಯಿಂಟ್‌ಗಳನ್ನು.

ಯೂನಿಕೋಡ್ ಪ್ರತಿ ಚಿಹ್ನೆಗೂ ಒಂದು ಸಂಖ್ಯೆ ಕೊಟ್ಟಿದೆ. ಆ ಸಂಖ್ಯೆಯೇ ಕೋಡ್ ಪಾಯಿಂಟ್. ‘ಕ’ಕ್ಕೆ ಒಂದು ಸಂಖ್ಯೆ, ‘ಕಾ’ದಲ್ಲಿರುವ ಇಳಿಗೆ ಇನ್ನೊಂದು. ಒತ್ತಕ್ಷರಕ್ಕೆ ಮಾತ್ರ ಬೇರೆ ಸಂಖ್ಯೆಯೇ ಇಲ್ಲ. ‘ಕ್ರ’ ಅಂದರೆ ಕ, ಹಲಂತ (್), ರ ಮೂರೂ ಸಾಲಾಗಿ ನಿಂತಿರುತ್ತವೆ. ಹಾಗಾಗಿ ಗುಣಿತಕ್ಕೆ, ಸೊನ್ನೆಗೆ ಒಂದೊಂದು ಜಾಸ್ತಿ, ಒತ್ತು ಬಂದಾಗಲೆಲ್ಲ ಎರಡೆರಡು ಜಾಸ್ತಿ. ‘ಕೋ’ ನೋಡಲು ಉದ್ದ, ಆದರೂ ಅದರ ಗುಣಿತದ ಗುರುತು ಸಾಮಾನ್ಯವಾಗಿ ಒಂದೇ ಅಂತ ಲೆಕ್ಕ.

ಈಗ ಒಂದು ವಾಕ್ಯ ಕತ್ತರಿಸಿ ನೋಡೋಣ:

‘ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಗ್ರಂಥಾಲಯದಲ್ಲಿ ಪುಸ್ತಕ ಪ್ರದರ್ಶನವನ್ನು ಏರ್ಪಡಿಸಲಾಗಿದೆ’

ಪದಗಳ ನಡುವಿನ ಜಾಗವೂ ಸೇರಿ 78. ಎಲ್ಲರ ಕೈ ಮೊದಲು ಹೋಗುವುದು ‘ಬೆಳಿಗ್ಗೆ’ಯಂಥ ಪದದ ಮೇಲೆ. ಅದನ್ನು ತೆಗೆದರೆ ಓದುಗ ರಾತ್ರಿ ಹತ್ತಕ್ಕೆ ಬಂದಾನು! ನಿಜವಾಗಿ ಜಾಗ ತಿನ್ನುತ್ತಿರುವುದು ಬಾಲಗಳು. ‘ವನ್ನು’ ಒಂದಕ್ಕೇ 5, ‘ಏರ್ಪಡಿಸಲಾಗಿದೆ’ಗೆ 13. ಮಾತಾಡುವಾಗ ನಾವು ‘ಪುಸ್ತಕ ಓದಿದೆ’ ಅಂತೀವಿ, ‘ಪುಸ್ತಕವನ್ನು’ ಅನ್ನುವುದು ಅಪರೂಪ. ಆ ರೂಢಿಯನ್ನೇ ಇಲ್ಲೂ ಹಿಡಿದರೆ:

‘ಭಾನುವಾರ ಬೆಳಿಗ್ಗೆ 10ಕ್ಕೆ ಗ್ರಂಥಾಲಯದಲ್ಲಿ ಪುಸ್ತಕ ಪ್ರದರ್ಶನ’

ಇದು 53. ಇಪ್ಪತ್ತೈದು ಉಳಿಯಿತು, ಸುದ್ದಿ ಒಂದಿಷ್ಟೂ ಕಳೆಯಲಿಲ್ಲ. ಇದನ್ನೇ ಎಸ್ಸೆಮ್ಮೆಸ್ ಮಾಡುವುದಾದರೆ ಲಾಭ ಇನ್ನೂ ಜಾಸ್ತಿ. ಕನ್ನಡದ ಒಂದು ಎಸ್ಸೆಮ್ಮೆಸ್‌ಗೆ ಹಿಡಿಸುವುದು 70. ಮೊದಲಿನ ವಾಕ್ಯ ಎರಡು ಮೆಸೇಜ್ ಆಗುತ್ತಿತ್ತು, ಇದು ಒಂದರಲ್ಲೇ ಮುಗಿಯುತ್ತದೆ.

‘ಸಾಫ್ಟ್‌ವೇರ್’ನಂಥ ಪದದಲ್ಲಿ ಕಣ್ಣಿಗೆ ಕಾಣದ ಒಂದು ಕೋಡ್ ಪಾಯಿಂಟ್ ಕೂತಿರುತ್ತದೆ. ‘ವ’ ಹೋಗಿ ‘ಟ’ಕ್ಕೆ ಒತ್ತಾಗದಂತೆ ತಡೆಯುವುದು ಅದರ ಕೆಲಸ. ಒಂದು ಉಳಿಸಲು ಹೋಗಿ ಅದನ್ನು ಅಳಿಸಬೇಡಿ, ಪದ ವಿಕಾರವಾಗುತ್ತದೆ.

ಮಿತಿ ದಾಟಿದ್ದನ್ನು ಪ್ರೋಗ್ರಾಮೇ ಕತ್ತರಿಸುವ ಕಡೆ ಹುಷಾರಾಗಿರಬೇಕು. ಸುಮ್ನೆ ಕೋಡ್ ಪಾಯಿಂಟ್ ಎಣಿಸಿ ಕತ್ತರಿಸಿದರೆ ಅಕ್ಷರದ ನಡುವೆಯೇ ಕತ್ತರಿ ಬೀಳಬಹುದು. ‘ಸ್ವಾತಂತ್ರ್ಯ’ವನ್ನು ಎಂಟಕ್ಕೆ ನಿಲ್ಲಿಸಿದರೆ ‘ಸ್ವಾತಂತ್’ ಉಳಿಯುತ್ತದೆ. ಇದು ತಪ್ಪು ಅಂತ ಯಾರಿಗಾದರೂ ಗೊತ್ತಾಗುತ್ತದೆ. ಒಂಬತ್ತಕ್ಕೆ ನಿಲ್ಲಿಸಿದರೆ ಸಿಗುವುದು ‘ಸ್ವಾತಂತ್ರ’. ಬಹಳ ಜನ ಹೀಗೇ ತಪ್ಪಾಗಿ ಬರೆಯುವುದರಿಂದ ಇಲ್ಲಿ ಕತ್ತರಿ ಬಿದ್ದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಅದಕ್ಕೇ ಕೊನೆಯ ಪದವನ್ನು ಮೂಲದ ಜೊತೆ ಇಟ್ಟು ನೋಡಬೇಕು, ಇಲ್ಲವೇ ಇಡೀ ಪದವನ್ನೇ ಬಿಡಬೇಕು.