ಕೆನ್ನೆಯ ಮೇಲೆ ಮೂಡುವ ಪಟ್ಟೆಗಳು

ದಾವಣಗೆರೆಯಲ್ಲಿ ಮದುವೆ ಆಲ್ಬಂ ಡಿಸೈನ್ ಮಾಡುವವರ ಹತ್ತಿರ ಒಂದು ದೂರು ಆಗಾಗ ಕೇಳಿಬರುತ್ತದೆ. ಮದುಮಗಳ ಕೆನ್ನೆ, ಹಣೆಯ ಮೇಲೆ ನಕಾಶೆಯ ಗೆರೆಗಳಂತೆ ಪಟ್ಟೆ ಎದ್ದಿವೆ ಅನ್ನುವುದು. ಬೈಗುಳ ತಿನ್ನುವುದು ಮಾತ್ರ ಪ್ರಿಂಟ್ ಹಾಕಿದವರು. ಪಾಪ, ಅವರದ್ದೇನೂ ತಪ್ಪಿರುವುದಿಲ್ಲ. ಪಟ್ಟೆ ಹುಟ್ಟಿದ್ದು ಲೆಕ್ಕದಲ್ಲಿ.

ಒಂದು ಉದಾಹರಣೆ ನೋಡೋಣ. ಒಂದು ಫೋಟೋ ಕಲ್ಯಾಣ ಮಂಟಪದ ಹಳದಿ ಬೆಳಕಿನಲ್ಲಿ ತೆಗೆದದ್ದು. ಅದೇ ಪುಟದಲ್ಲಿ ಪಕ್ಕಕ್ಕೆ ಬರುವುದು ಹೊರಗಿನ ಬಿಸಿಲಲ್ಲಿ ತೆಗೆದದ್ದು. ಎರಡರ ಮೈಬಣ್ಣವೂ ಒಂದೇ ಥರ ಕಾಣಬೇಕು. ಹಳದಿ ಬೆಳಕಿನಲ್ಲಿ ನೀಲಿ ತೀರಾ ಕಡಿಮೆ. ಕೆನ್ನೆಯ ಒಂದು ತುದಿಯಲ್ಲಿ ನೀಲಿಯ ಬೆಲೆ 40, ಇನ್ನೊಂದು ತುದಿಯಲ್ಲಿ 60 ಅಂದುಕೊಳ್ಳಿ. ನಡುವೆ ಸುಮಾರು 600 ಪಿಕ್ಸೆಲ್ ಅಗಲ. ಬಿಸಿಲಿನ ಫೋಟೋಗೆ ಹೊಂದಿಸಲು ಫೋಟೋಶಾಪಿನ ಕರ್ವ್ಸ್‌ನಲ್ಲಿ ಈ 40–60 ಅನ್ನು 80–140ಕ್ಕೆ ಎಳೆಯುತ್ತೀರಿ. ಎಂಟು ಬಿಟ್ಟಿನ ಚಿತ್ರದಲ್ಲಿ ಎಣಿಕೆ 0ಯಿಂದ 255ರವರೆಗೆ ಮಾತ್ರ: 40 ಆದಮೇಲೆ 41, ನಡುವೆ ಏನೂ ಇಲ್ಲ. 40 ಹೋಗಿ 80 ಆಯಿತು, 41 ಹೋಗಿ 83 ಆಯಿತು. 81, 82 ಹುಟ್ಟಲೇ ಇಲ್ಲ. ಇರುವುದು 21 ಬೆಲೆ ಮಾತ್ರ, ಒಂದೊಂದಕ್ಕೂ ಸುಮಾರು 30 ಪಿಕ್ಸೆಲ್ ಅಗಲದ ಪಟ್ಟೆ. ಕೆಂಪು, ಹಸಿರನ್ನು ಅಷ್ಟು ಎಳೆದಿರುವುದಿಲ್ಲ, ಅವು ನಯವಾಗಿ ಏರುತ್ತವೆ. ನೀಲಿ ಮಾತ್ರ ಜಿಗಿಯುತ್ತದೆ. ಹಾಗಾಗಿಯೇ ಪಟ್ಟೆಗೆ ಬಣ್ಣವೂ ಬರುತ್ತದೆ: ಒಂದು ಅಂಚು ಹಳದಿ ಕಡೆಗೆ, ಇನ್ನೊಂದು ನೀಲಿ ಕಡೆಗೆ.

ಇದು ಚಿಲ್ಲರೆ ಇಲ್ಲದ ಅಂಗಡಿಯ ವ್ಯಾಪಾರ. ಪ್ರತಿ ಲೆಕ್ಕವನ್ನೂ ರೂಪಾಯಿಗೆ ದುಂಡು ಮಾಡಿಬಿಡುತ್ತಾರೆ. ಒಂದು ಸಲವಾದರೆ ಪರವಾಗಿಲ್ಲ, ಆಮೇಲೆ ಮೂರರಿಂದ ಗುಣಿಸಿದರೆ ಹೋದ ಪೈಸೆಯೂ ಮೂರು ಪಟ್ಟು ಆಗುತ್ತದೆ. ಹದಿನಾರು ಬಿಟ್ಟಿನಲ್ಲಿ ಚಿಲ್ಲರೆ ಧಾರಾಳ. ಫೋಟೋಶಾಪ್ 0ಯಿಂದ 32,768ರವರೆಗೆ ಎಣಿಸುತ್ತದೆ. ಅಂದರೆ ಹಳೆಯ 40 ಮತ್ತು 41ರ ನಡುವೆ ಸುಮಾರು 128 ಮೆಟ್ಟಿಲು.

ಇಲ್ಲಿ ಬಹಳ ಜನ ಒಂದು ಬುದ್ಧಿಮಾತು ಹೇಳುತ್ತಾರೆ: "ಜೆಪೆಗ್ ಎಂಟು ಬಿಟ್ಟಿನದ್ದು, ಅದನ್ನು ಹದಿನಾರಕ್ಕೆ ಬದಲಿಸಿದರೆ ಸುಮ್ನೆ ಫೈಲ್ ದಪ್ಪ ಆಗುತ್ತದೆ." ಅರ್ಧ ನಿಜ. ಬದಲಿಸಿದ ಕೂಡಲೇ ಹೊಸ ಬೆಲೆಯೇನೂ ಹುಟ್ಟುವುದಿಲ್ಲ. ಆದರೆ ನನಗೆ ತುಂಬಾ ಇಷ್ಟದ ಸಂಗತಿ ಇರುವುದೇ ಉಳಿದ ಅರ್ಧದಲ್ಲಿ.

ಮಂಟಪದ ಮಂದ ಬೆಳಕಿನ ಫೋಟೋದಲ್ಲಿ ನಾಯ್ಸ್, ಅಂದರೆ ಕಾಳುಕಾಳಾದ ಏರುಪೇರು, ಇದ್ದೇ ಇರುತ್ತದೆ. ಕೆನ್ನೆಯ ಒಂದು ಜಾಗದ ನಿಜವಾದ ನೀಲಿ 40.3 ಆಗಿದ್ದರೆ, ಆ ಕಾಳುಕಾಳಿನ ನಡುವೆ ಸುಮಾರಾಗಿ ಹತ್ತರಲ್ಲಿ ಏಳು ಪಿಕ್ಸೆಲ್ 40 ಅನ್ನುತ್ತವೆ, ಮೂರು 41 ಅನ್ನುತ್ತವೆ. ಆ 0.3 ಕಳೆದುಹೋಗಿಲ್ಲ, ಪಿಕ್ಸೆಲ್‌ಗಳಲ್ಲಿ ಹಂಚಿಕೊಂಡು ಕೂತಿದೆ. ಈಗ ಚರ್ಮ ನಯ ಮಾಡಲು ಬ್ಲರ್ ಹಾಕುತ್ತೀರಿ. ಬ್ಲರ್ ಅಂದರೆ ಸರಾಸರಿ ತಾನೇ? ಸರಾಸರಿ 40.3 ಬರುತ್ತದೆ. ಎಂಟು ಬಿಟ್ಟು ಅದನ್ನು 40 ಎಂದು ಬರೆದು ಕೈತೊಳೆದುಕೊಳ್ಳುತ್ತದೆ. ನಾಯ್ಸೂ ಹೋಯಿತು, ಒಳಗಿದ್ದ ಬೆಲೆಯೂ ಹೋಯಿತು. ಹದಿನಾರು ಬಿಟ್ಟು 40.3 ಅನ್ನೇ ಇಟ್ಟುಕೊಳ್ಳುತ್ತದೆ. ಆಮೇಲೆ ಎಳೆದರೆ 80.9, ಅಂದರೆ 81. ಹುಟ್ಟದೇ ಇದ್ದ 81 ಈಗ ಹುಟ್ಟಿತು!

ನಾಯ್ಸ್ ಹೀಗೆ ಉಪಕಾರಿ ಅನ್ನುವುದು ಹಳೆಯ ಮಾತು. ಲಾರೆನ್ಸ್ ರಾಬರ್ಟ್ಸ್ 1962ರಲ್ಲೇ ಬರೆದಿದ್ದರು: ಚಿತ್ರಕ್ಕೆ ಬೇಕೆಂದೇ ನಾಯ್ಸ್ ಬೆರೆಸಿ, ಆಮೇಲೆ ಮಟ್ಟಗಳನ್ನು ಕಡಿಮೆ ಮಾಡಿದರೆ ಪಟ್ಟೆ ಕಾಣುವುದಿಲ್ಲ ಎಂದು. ಮುಂದೆ ಇಂಟರ್ನೆಟ್ಟಿನ ಪೂರ್ವಜ ಅರ್ಪಾನೆಟ್ ಕಟ್ಟುವುದರಲ್ಲಿ ಮುಂದಾಳಾದವರೂ ಇವರೇ.

ಹಾಗಾಗಿ ಕ್ರಮ ಮುಖ್ಯ. ಫೈಲ್ ತೆರೆದ ಕೂಡಲೇ, ಏನನ್ನೂ ಮುಟ್ಟುವ ಮೊದಲು `Image > Mode > 16 Bits/Channel`. ಆಮೇಲೆ ಸ್ಮೂತ್ ಮಾಡುವುದು, ಬಣ್ಣ ಹೊಂದಿಸುವುದು. ಪಟ್ಟೆ ಬಿದ್ದ ಮೇಲೆ ಬದಲಿಸಿದರೆ ಪಟ್ಟೆಯೂ ಹದಿನಾರು ಬಿಟ್ಟಿನದ್ದಾಗುತ್ತದೆ, ಅಷ್ಟೇ. ರಾ ಫೈಲ್ ಇದ್ದರೆ ಇನ್ನೂ ಒಳ್ಳೆಯದು. ಅದರಲ್ಲಿ ಸಾಮಾನ್ಯವಾಗಿ 12 ಅಥವಾ 14 ಬಿಟ್ ಇರುತ್ತದೆ, ಕ್ಯಾಮೆರಾ ರಾ ಕಿಟಕಿಯಿಂದ ಹದಿನಾರಕ್ಕೇ ತೆರೆಯಿರಿ. ಕೊನೆಗೆ ಪ್ರಿಂಟಿಗೆ ಕೊಡುವಾಗ ಎಂಟು ಬಿಟ್ಟಿನ ಜೆಪೆಗ್ ಸಾಕು, ಆಗ ಎಳೆದಾಟ ಮುಗಿದಿರುತ್ತದೆ ಅಲ್ವಾ.

ಪಟ್ಟೆ ಫೈಲ್‌ನಲ್ಲಿದೆಯೋ ಪರದೆಯದ್ದೋ ತಿಳಿಯಲು 100% ಜೂಮ್‌ನಲ್ಲಿ ನೋಡಿ, ಯಾವ ಬೆಲೆಯ ಪಿಕ್ಸೆಲ್ ಎಷ್ಟಿವೆ ಎಂದು ತೋರಿಸುವ ಹಿಸ್ಟೋಗ್ರಾಂನ ನೀಲಿ ಚಾನೆಲ್ ತೆರೆಯಿರಿ. ಬಾಚಣಿಗೆ ಹಲ್ಲಿನಂತೆ ಸಂದು ಬಿದ್ದಿದ್ದರೆ ಬೆಲೆಗಳು ಕಾಣೆಯಾಗಿವೆ. ಸಂದು ಇಲ್ಲದಿದ್ದರೂ ಪಟ್ಟೆ ಕಂಡರೆ ಬೇರೆ ಮಾನಿಟರ್‌ನಲ್ಲಿ ನೋಡಿ. ಅಗ್ಗದ ಪರದೆಗಳು ತಾವೇ ಪಟ್ಟೆ ತೋರಿಸುತ್ತವೆ.

ಮೊಬೈಲಿನ ಬ್ಯೂಟಿ ಮೋಡ್‌ನಲ್ಲಿ ತೆಗೆದ ಜೆಪೆಗ್ ಕೈಗೆ ಬಂದರೆ ಈ ಉಪಾಯ ನಡೆಯುವುದು ಕಷ್ಟ. ಫೋನು ಆಗಲೇ ನಾಯ್ಸ್ ಒರೆಸಿ ಎಂಟು ಬಿಟ್ಟಿಗೆ ದುಂಡು ಮಾಡಿರುತ್ತದೆ. ಆಗ ಎಳೆದಾದ ಮೇಲೆ, ಹದಿನಾರು ಬಿಟ್ಟಿನಲ್ಲೇ ಕೆನ್ನೆಯ ನೀಲಿ ಚಾನೆಲ್ಲಿಗಷ್ಟೇ ಒಂದಿಷ್ಟು ಬ್ಲರ್ ಹಾಕಿ, ಮೇಲಿಂದ `Add Noise` ಸುಮಾರು 1% ಉದುರಿಸಬೇಕು. ಪಟ್ಟೆಯ ಅಂಚು ಒಡೆದುಹೋಗುತ್ತದೆ, ಆದರೆ ಫೋನು ಒರೆಸಿದ ಚರ್ಮದ ವಿವರ ವಾಪಸ್ ಬರುವುದಿಲ್ಲ.